4-5ನೇ ಕ್ಲಾಸಿಗೆ ದಿನಾ 15 ನಿಮಿಷ: ಮಕ್ಕಳಿಗೆ "ಬೇಜಾರು" ಬಿಟ್ಟು ಬೇರೆ ಮಾತೇ ಬರುತ್ತಿಲ್ಲ, ಏನು ಮಾಡಲಿ?

ಸಿದ್ದಾಪುರ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಸರ್ಕಾರಿ ಶಾಲೆಯಲ್ಲಿದ್ದೇನೆ. 4 ಮತ್ತು 5ನೇ ಕ್ಲಾಸು ಒಂದೇ ಕೋಣೆ, ಒಟ್ಟು 22 ಮಕ್ಕಳು. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಕಾಫಿ ತೋಟದ ಕೆಲಸದವರ ಲೈನ್ ಮನೆಗಳಿಂದ ಬರುತ್ತಾರೆ. ಮನೆಯಲ್ಲಿ ಎರವ ಭಾಷೆ, ಮಲಯಾಳಂ, ತಮಿಳು ಎಲ್ಲ ಇದೆ, ಇಬ್ಬರ ಮನೆಯವರು ಅಸ್ಸಾಂ ಕಡೆಯಿಂದ ಬಂದವರು.

ಜೂನ್‌ನಲ್ಲಿ ಒಂದು ಅಭ್ಯಾಸ ಶುರು ಮಾಡಿದೆ. ಪ್ರಾರ್ಥನೆ ಮುಗಿದು ಹಾಲು ಕುಡಿದ ಮೇಲೆ 15 ನಿಮಿಷ ಪಾಠ ಇಲ್ಲ, ಗೋಲವಾಗಿ ಕೂರುವುದು, "ಇವತ್ತು ಹೇಗಿದ್ದೀರಿ" ಎಂದು ಒಬ್ಬೊಬ್ಬರನ್ನೂ ಕೇಳುವುದು. ಮೊದಲ ವಾರ 22 ಮಕ್ಕಳೂ "ಖುಷಿ ಟೀಚರ್" ಎಂದರು. ಎರಡನೇ ವಾರ ಒಬ್ಬ ಹುಡುಗ "ಬೇಜಾರು" ಎಂದ. ನಾನು ಅವನ ಜೊತೆ ಸ್ವಲ್ಪ ಹೊತ್ತು ಮಾತಾಡಿದೆ. ಮರುದಿನದಿಂದ ಎಲ್ಲರದೂ ಬೇಜಾರು! ಹಸಿವಾದರೂ ಬೇಜಾರು, ಪೆನ್ಸಿಲ್ ಕಳೆದರೂ ಬೇಜಾರು. ಮೊನ್ನೆ ಒಬ್ಬ ಪಕ್ಕದವನ ಮೇಲೆ ನೀರಿನ ಬಾಟಲಿ ಎಸೆದ, ಯಾಕೆ ಎಂದರೆ ಅದಕ್ಕೂ "ಬೇಜಾರಾಯ್ತು".

ಇನ್ನೊಂದು ವಿಷಯ. 5ನೇ ಕ್ಲಾಸಿನ ಒಬ್ಬಳು ಹುಡುಗಿ ಜೋರು ಮಳೆ ಬಂದರೆ ಕಿವಿಗೆ ಬೆರಳು ಹಾಕಿಕೊಂಡು ತಲೆ ಬಗ್ಗಿಸಿ ಕೂರುತ್ತಾಳೆ. ಕರೆದರೂ ಮಾತಿಲ್ಲ. 2018ರ ಗುಡ್ಡ ಕುಸಿತದ ಮೇಲೆ ಮಕ್ಕಂದೂರು ಕಡೆಯಿಂದ ಇಲ್ಲಿಗೆ ಬಂದ ಮನೆ ಅದು. ಆಗ ಇವಳು ತೀರಾ ಚಿಕ್ಕವಳು. ನೆನಪಿದೆಯೋ ಇಲ್ಲವೋ, ಮನೆಯವರ ಗಾಬರಿ ನೋಡುತ್ತಲೇ ಬೆಳೆದಿದ್ದಾಳೆ. ನಮ್ಮಲ್ಲಿ ಜುಲೈ, ಆಗಸ್ಟ್ ಎಂದರೆ ಮಳೆ ನಿಲ್ಲುವುದೇ ಇಲ್ಲ, ಅಲ್ವಾ. ಇವಳಿಗೆ ಈ 15 ನಿಮಿಷದಲ್ಲಿ ಏನು ಮಾಡಲಿ? ಯಾರಾದರೂ ಮಾಡಿ ನೋಡಿದವರು ಹೇಳಿ.

ಹಳೇ ಮೇಷ್ಟ್ರು, ಸೋಮವಾರಪೇಟೆ

ಒಳ್ಳೆ ಕೆಲಸ ಟೀಚರ್. ದೆಹಲಿಯ ಸರ್ಕಾರಿ ಶಾಲೆಗಳಲ್ಲಿ 2018ರಲ್ಲೇ ಇದಕ್ಕೆಂದು ದಿನಕ್ಕೊಂದು ಪೀರಿಯಡ್ ಇಟ್ಟರು. ಅಲ್ಲಿಯೂ ಶುರುವಿಗೆ ಕೆಲವು ನಿಮಿಷ ಸುಮ್ಮನೆ ಕೂರಿಸುತ್ತಿದ್ದರು. ನಾನು 31 ವರ್ಷ ಪಾಠ ಮಾಡಿದ್ದೇನೆ. ನನ್ನ ಅನುಭವದಲ್ಲಿ ಕೇಳುವುದಕ್ಕಿಂತ ಧ್ಯಾನ ಒಳ್ಳೇದು. ಹತ್ತು ನಿಮಿಷ ಎಲ್ಲರೂ ಕಣ್ಣು ಮುಚ್ಚಿ, ಬೆನ್ನು ನೇರ ಮಾಡಿ, ದೊಡ್ಡದಾಗಿ ಉಸಿರು ಎಳೆದುಕೊಳ್ಳಲಿ. ಮಳೆಗೆ ಹೆದರುವ ಮಗುವಿಗೆ "ಏನೂ ಆಗಲ್ಲ" ಎಂದು ಧೈರ್ಯ ಹೇಳಿ. ಒಂದು ತಿಂಗಳಲ್ಲಿ ಸರಿ ಹೋಗುತ್ತದೆ.

ಗೋಣಿಕೊಪ್ಪದಮ್ಮ

ನನ್ನ ಮಗನಿಗೂ ಇದೇ ಸಮಸ್ಯೆ. ಫಸ್ಟ್ ಪಿಯುಸಿ. ಹೇಗಿದ್ದೀಯ ಎಂದರೆ "ಪರವಾಗಿಲ್ಲ" ಅಷ್ಟೇ. ಊಟಕ್ಕೆ ಕರೆದರೆ ಕೋಪ, ರಾತ್ರಿ ಒಂದು ಗಂಟೆವರೆಗೆ ಫೋನು. ಟೀಚರ್, ನೀವು ಬೆಳಿಗ್ಗೆ ಮಾಡುವ ಕ್ಲಾಸನ್ನು ಆನ್‌ಲೈನ್‌ನಲ್ಲಿ ದೊಡ್ಡ ಮಕ್ಕಳಿಗೂ ಮಾಡುತ್ತೀರಾ? ಫೀಸು ಎಷ್ಟು?

ಸಿದ್ದಾಪುರ ಟೀಚರ್

ಅಕ್ಕ, ಇದು ನಮ್ಮ ಶಾಲೆಯ ಚಿಕ್ಕ ಮಕ್ಕಳಿಗೆ ಮಾತ್ರ ಮಾಡುವುದು, ಟ್ಯೂಷನ್ ಅಲ್ಲ. ನಿಮ್ಮ ಮಗನ ವಿಷಯ ಬೇರೆ ಇದೆ ಅನಿಸುತ್ತದೆ.

ಮೇಷ್ಟ್ರೇ, ಕಣ್ಣು ಮುಚ್ಚಿಸಿ ನೋಡಿದೆ. ಐದಾರು ಮಕ್ಕಳು ಕಿಸಕ್ಕೆಂದರು. ಆ ಹುಡುಗಿ ಮುಚ್ಚಲೇ ಇಲ್ಲ. ಇನ್ನೊಬ್ಬ "ತಲೆ ತಿರುಗುತ್ತದೆ" ಎಂದ.

ಮಕ್ಕಳ ಆಪ್ತ ಸಮಾಲೋಚಕಿ

ನಾನು ಮೈಸೂರಿನಲ್ಲಿದ್ದೇನೆ, ತವರು ವಿರಾಜಪೇಟೆ. ಶಾಲೆಗಳಲ್ಲಿ ಹದಿನಾಲ್ಕು ವರ್ಷ ಈ ಕೆಲಸವನ್ನೇ ಮಾಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೇಷ್ಟ್ರು ಉಸಿರಾಟ ಎಂದಿದ್ದು ಸರಿ. ಆದರೆ ಎರಡು ಕಡೆ ಬದಲಾಯಿಸಬೇಕು. ಮೈ ಸಮಾಧಾನಕ್ಕೆ ಬರುವುದು ದೊಡ್ಡದಾಗಿ ಎಳೆದುಕೊಳ್ಳುವುದರಿಂದ ಅಲ್ಲ, ನಿಧಾನವಾಗಿ ಬಿಡುವುದರಿಂದ. ಉಸಿರು ಬಿಡುವಾಗ ಎದೆ ಬಡಿತ ಸ್ವಲ್ಪ ನಿಧಾನ ಆಗುತ್ತದೆ. ಮತ್ತೆ ಮತ್ತೆ ಜೋರಾಗಿ ಎಳೆದುಕೊಂಡರೆ ತಲೆ ತಿರುಗುತ್ತದೆ, ನಿಮ್ಮ ಹುಡುಗ ಹೇಳಿದ್ದು ಅದನ್ನೇ. ನಾನು ಕೊಡಗಿನ ಶಾಲೆಗಳಲ್ಲಿ ಹೀಗೆ ಹೇಳಿಕೊಡುತ್ತೇನೆ: ಎರಡೂ ಕೈಯಲ್ಲಿ ಬೆಲ್ಲದ ಕಾಫಿ ಲೋಟ ಹಿಡಿದಿದ್ದೀರಿ ಅಂದುಕೊಳ್ಳಿ. ಮೂರು ಎಣಿಸುವಷ್ಟು ಹೊತ್ತು ಮೂಗಿನಿಂದ ವಾಸನೆ ನೋಡಿ. ಐದು ಎಣಿಸುವಷ್ಟು ಹೊತ್ತು ಬಾಯಿಂದ ಊದಿ ಆರಿಸಿ, ಕಾಫಿ ಚೆಲ್ಲಬಾರದು. ಹೀಗೆ ಆರು ಸಲ. ಒಂದು ನಿಮಿಷದಲ್ಲಿ ಮುಗಿಯುತ್ತದೆ. ಚೆಲ್ಲಬಾರದು ಎಂದರೆ ಮಕ್ಕಳು ತಾವಾಗಿಯೇ ಮೆಲ್ಲಗೆ ಊದುತ್ತಾರೆ.

ಕಣ್ಣು ಮುಚ್ಚಲು ಒತ್ತಾಯ ಮಾಡಬೇಡಿ. ಹೆದರಿದ ಮಗುವಿಗೆ ಕಣ್ಣು ಮುಚ್ಚಿದರೆ ಹೆದರಿಕೆಯ ಚಿತ್ರವೇ ಎದುರಿಗೆ ಬರುತ್ತದೆ. ನೆಲದ ಮೇಲೆ ಒಂದು ಜಾಗ ನೋಡುತ್ತಾ ಕೂತರೂ ಸಾಕು.

ಈಗ "ಬೇಜಾರು". ಇದು ನಮ್ಮ ಭಾಷೆಯಲ್ಲಿ ಎಲ್ಲದಕ್ಕೂ ಸಲ್ಲುವ ಮಾತು. ಮಾಡಲು ಏನೂ ಇಲ್ಲದಿದ್ದರೂ ಬೇಜಾರು, ಅಜ್ಜಿ ತೀರಿಕೊಂಡರೂ ಬೇಜಾರು. ಮಗು ಸುಳ್ಳು ಹೇಳುತ್ತಿಲ್ಲ, ಅದರ ಹತ್ತಿರ ಇರುವುದು ಆ ಒಂದೇ ಮಾತು. "ಯಾಕೆ ಬೇಜಾರು" ಎಂದು ಕೇಳಬೇಡಿ, ಮಕ್ಕಳಿಗೆ ಅದು ತಪ್ಪು ಹುಡುಕುವ ಪ್ರಶ್ನೆಯ ಹಾಗೆ ಕೇಳಿಸುತ್ತದೆ. "ಯಾವ ಬೇಜಾರು" ಎಂದು ಕೇಳಿ. ಅಳು ಬರುವ ಬೇಜಾರಾ, ಹೊಡೆಯಬೇಕು ಅನಿಸುವ ಬೇಜಾರಾ, ಯಾರೂ ಆಟಕ್ಕೆ ಸೇರಿಸಿಕೊಳ್ಳದ ಬೇಜಾರಾ, ಸುಮ್ನೆ ಹೊತ್ತು ಹೋಗದ ಬೇಜಾರಾ? ನಾಲ್ಕು ಕೊಟ್ಟರೆ ಮಗು ಒಂದನ್ನು ಆರಿಸುತ್ತದೆ. ಆಮೇಲೆ ಅದಕ್ಕೆ ಹೆಸರು ಕೊಡಿ: ದುಃಖ, ಸಿಟ್ಟು, ಒಂಟಿತನ, ಬೋರು.

ಎರಡನೇ ವಾರ ಎಲ್ಲರೂ ಬೇಜಾರು ಎಂದಿದ್ದಕ್ಕೂ ಕಾರಣ ಇದೆ. ಬೇಜಾರು ಎಂದವನಿಗೆ ನಿಮ್ಮ ಐದು ನಿಮಿಷ ಸಿಕ್ಕಿತು, ಖುಷಿ ಎಂದವರಿಗೆ ಸಿಗಲಿಲ್ಲ. ಎಲ್ಲರ ಎದುರು ಕೇಳುವುದನ್ನು ನಿಲ್ಲಿಸಿ.

ಮಳೆಯ ಹುಡುಗಿಯ ವಿಷಯ ಮುಂದೆ ಬರೆಯುತ್ತೇನೆ. ದಯವಿಟ್ಟು "ಏನೂ ಆಗಲ್ಲ" ಎನ್ನಬೇಡಿ. ಅವಳ ಮನೆಗೆ ಆಗಿದೆ. ಹಾಗೆ ಹೇಳಿದವರ ಮಾತನ್ನು ಅವಳು ಮತ್ತೆ ನಂಬುವುದಿಲ್ಲ.

ಸಿದ್ದಾಪುರ ಟೀಚರ್

ಮೇಡಂ, ಯಾಕೆ ಮತ್ತು ಯಾವ, ಈ ವ್ಯತ್ಯಾಸ ನನಗೆ ಹೊಳೆದಿರಲೇ ಇಲ್ಲ. ಒಂದು ವಾರಕ್ಕೆ ಆಗುವಷ್ಟು ಬರೆದುಕೊಡುತ್ತೀರಾ? ಖರ್ಚು ಬೇಡ, ಮೊಬೈಲು ಬೇಡ. ಇಬ್ಬರೇ ಟೀಚರ್‌ಗಳು, ತಯಾರಿಗೂ ಹೊತ್ತಿಲ್ಲ. ನಮಗೆ ತರಬೇತಿಯಲ್ಲಿ ಹತ್ತು ಜೀವನ ಕೌಶಲಗಳ ಪಟ್ಟಿ ಕೊಟ್ಟಿದ್ದರು. ಅದನ್ನು ದಿನಕ್ಕೊಂದರಂತೆ ಮಾಡಲು ಹೊರಟು ನಾನೇ ಸುಸ್ತಾದೆ.

ಮಕ್ಕಳ ಆಪ್ತ ಸಮಾಲೋಚಕಿ

ವಿಶ್ವ ಆರೋಗ್ಯ ಸಂಸ್ಥೆಯ ಆ ಹತ್ತರ ಪಟ್ಟಿ ದೊಡ್ಡವರು ಯೋಜನೆ ಮಾಡಲು ಇರುವುದು. ಮಗುವಿಗೆ ಒಂದೊಂದಾಗಿ ಪಾಠ ಮಾಡಲು ಅಲ್ಲ. ಒಂದು ಚಟುವಟಿಕೆ ಮಾಡಿದರೆ ಅದರಲ್ಲಿ ಮೂರು ನಾಲ್ಕು ತಾವಾಗಿಯೇ ಬರುತ್ತವೆ. ಆರು ದಿನಕ್ಕೆ ಆರು ಚಟುವಟಿಕೆ ಇರಲಿ, ವಾರವಾರವೂ ಅವೇ ಇರಲಿ, ಒಳಗಿನ ಕಥೆ ಮಾತ್ರ ಬದಲಾಗಲಿ. ಇವತ್ತು ಏನು ಎಂದು ಮಕ್ಕಳಿಗೆ ಮೊದಲೇ ಗೊತ್ತಿದ್ದರೆ ಅರ್ಧ ಗಾಬರಿ ಅಲ್ಲೇ ಹೋಗುತ್ತದೆ.

*ಸೋಮವಾರ.* ಐದು ತೆಂಗಿನ ಕರಟ ಬೇಕು. ಒಂದೊಂದರ ಮೇಲೆ ಒಂದೊಂದು ಮುಖ: ಖುಷಿ, ದುಃಖ, ಸಿಟ್ಟು, ಹೆದರಿಕೆ, "ಗೊತ್ತಿಲ್ಲ". ಕೋಣೆಯ ಮೂಲೆಯಲ್ಲಿ ಒಂದು ಬಟ್ಟೆಯ ಮರೆಯಲ್ಲಿಡಿ. ಪ್ರತಿ ಮಗುವೂ ಒಂದು ಕಾಫಿ ಬೀಜ ತೆಗೆದುಕೊಂಡು ಹೋಗಿ ಒಂದರಲ್ಲಿ ಹಾಕಿ ಬರಬೇಕು. ಹೆಸರಿಲ್ಲ, ಪ್ರಶ್ನೆ ಇಲ್ಲ. ಆಮೇಲೆ ಎಲ್ಲರ ಎದುರು ಎಣಿಸಿ. "ಇವತ್ತು ನಮ್ಮ ಕ್ಲಾಸಲ್ಲಿ ಸಿಟ್ಟು 6 ಇದೆ. ಸಿಟ್ಟು ಬಂದಾಗ ಮೈಯಲ್ಲಿ ಎಲ್ಲಿ ಗೊತ್ತಾಗುತ್ತದೆ?" ಎಂದು ಕೇಳಿ. ಕೈ ಬಿಸಿ, ಹಲ್ಲು ಕಚ್ಚುವುದು, ಹೊಟ್ಟೆ ಗಟ್ಟಿ, ಹೀಗೆ ಹೇಳುತ್ತಾರೆ. ಮಗು ಸಿಟ್ಟನ್ನು ಮೊದಲು ಹಿಡಿಯುವುದು ಮೈಯಲ್ಲಿ. "ಗೊತ್ತಿಲ್ಲ" ಕರಟ ಕಡ್ಡಾಯ, ಅದಿಲ್ಲದಿದ್ದರೆ ಸುಳ್ಳು ಹೇಳಲು ನಾವೇ ಕಲಿಸಿದ ಹಾಗೆ.

ಕೆಲವು ಕಡೆ ಮನಸ್ಸಿನ ಹವಾಮಾನ ಎಂದು ಬಿಸಿಲು, ಮೋಡ, ಮಳೆಯ ಚಿತ್ರ ಹಾಕುತ್ತಾರೆ. ಕೊಡಗಿನಲ್ಲಿ, ಅದರಲ್ಲೂ ನಿಮ್ಮ ಕ್ಲಾಸಲ್ಲಿ, ಅದು ಬೇಡ. ಮಳೆ ಎಂದರೆ ಕೆಟ್ಟದ್ದು ಎಂದು ದಿನಾ ತೋರಿಸಿದಂತೆ ಆಗುತ್ತದೆ.

*ಮಂಗಳವಾರ.* ಕಾಫಿ ಆರಿಸುವ ಉಸಿರು. ಜೊತೆಗೆ ಕೈ ಮುಷ್ಟಿ ಬಿಗಿ ಮಾಡಿ ಐದು ಎಣಿಸಿ ಬಿಡುವುದು, ಭುಜ ಕಿವಿಯವರೆಗೆ ಏರಿಸಿ ಬಿಡುವುದು. ಇದನ್ನು ಸಮಾಧಾನದಲ್ಲಿ ಇರುವಾಗಲೇ ಅಭ್ಯಾಸ ಮಾಡಿಸಬೇಕು. ಜಗಳ ನಡೆಯುವಾಗ ಹೊಸದಾಗಿ "ಉಸಿರು ಬಿಡು" ಎಂದರೆ ಯಾವ ಮಗುವಿಗೂ ಆಗುವುದಿಲ್ಲ. ಈಜು ಕಲಿಸಲು ಯಾರೂ ನೆರೆ ಬಂದಾಗ ಹೊಳೆಗೆ ಇಳಿಸುವುದಿಲ್ಲವಲ್ಲ.

*ಬುಧವಾರ.* ಅರ್ಧ ಕಥೆ. ಉದಾಹರಣೆಗೆ: ಹೊಸದಾಗಿ ಸೇರಿದ ಹುಡುಗ, ಕನ್ನಡ ಸರಿ ಬರುವುದಿಲ್ಲ. ಒಬ್ಬಳ ಜಾಮಿಟ್ರಿ ಬಾಕ್ಸ್ ಕಾಣೆ. ಎಲ್ಲರೂ ಅವನೇ ಕದ್ದ ಎನ್ನುತ್ತಾರೆ. ನಿನಗೆ ಅವನಲ್ಲ ಅನಿಸುತ್ತದೆ. ಈಗ ಏನು ಮಾಡುತ್ತೀಯ? ಕಡಿಮೆ ಎಂದರೂ ಮೂರು ದಾರಿ ಹೇಳಿಸಿ. ಒಂದೊಂದಕ್ಕೂ "ಹಾಗೆ ಮಾಡಿದರೆ ಆಮೇಲೆ ಏನಾಗುತ್ತದೆ" ಎಂದು ಕೇಳಿ. "ಸುಮ್ನೆ ಇರುತ್ತೇನೆ" ಎನ್ನುವುದೂ ಒಂದು ದಾರಿ, ಅದನ್ನೂ ಬೋರ್ಡಿನಲ್ಲಿ ಬರೆಯಿರಿ. ಯಾವುದು ಸರಿ ಎಂದು ನೀವು ಹೇಳಿಬಿಟ್ಟರೆ ಮುಂದಿನ ಬುಧವಾರ ಮಕ್ಕಳು ಯೋಚನೆ ಮಾಡುವುದಿಲ್ಲ, ನಿಮ್ಮ ಮುಖ ನೋಡುತ್ತಾರೆ.

*ಗುರುವಾರ.* ಇಬ್ಬಿಬ್ಬರು. ಒಬ್ಬ ಒಂದು ನಿಮಿಷ ಮಾತಾಡಬೇಕು, ಇನ್ನೊಬ್ಬ ಕೇಳಿ "ನೀನು ಹೇಳಿದ್ದು ಹೀಗೆ" ಎಂದು ತಿರುಗಿ ಹೇಳಬೇಕು. ಆಮೇಲೆ ಅದಲು ಬದಲು. ವಿಷಯ ಸುಲಭದ್ದು ಇರಲಿ, ನಿನ್ನೆ ರಾತ್ರಿ ಏನು ಊಟ, ಶಾಲೆಗೆ ಬರುವ ದಾರಿಯಲ್ಲಿ ಏನು ಕಂಡೆ. ಮನೆಮಾತು ಒಂದೇ ಇರುವವರನ್ನು ಜೊತೆ ಮಾಡಿದರೆ ಅವರು ತಮ್ಮ ಭಾಷೆಯಲ್ಲೇ ಮಾತಾಡಲಿ.

*ಶುಕ್ರವಾರ.* ಬೇಡ ಎನ್ನುವುದು, ಸಹಾಯ ಕೇಳುವುದು. ಆಡಿ ತೋರಿಸುವುದು. ದೊಡ್ಡ ಹುಡುಗ "ತೋಡು ದಾಟಿ ಹೋಗೋಣ ಬಾ, ಬೇಗ ಮನೆ ಸೇರಬಹುದು" ಎನ್ನುತ್ತಾನೆ, ತೋಡಿನಲ್ಲಿ ಕೆಂಪು ನೀರು. ಮಗು ಅವನ ಮುಖ ನೋಡಿ "ಬೇಡ, ನಾನು ರಸ್ತೆಯಲ್ಲೇ ಹೋಗುತ್ತೇನೆ" ಎಂದು ಗಟ್ಟಿಯಾಗಿ ಹೇಳಿ ನಡೆಯಬೇಕು. ಅವನು "ಹೆದರುಪುಕ್ಕಲ" ಎಂದು ಎರಡನೇ ಸಲ ಒತ್ತಾಯ ಮಾಡಲಿ, ಅಸಲಿಗೆ ಮಗು ಸೋಲುವುದು ಆ ಎರಡನೇ ಸಲಕ್ಕೇ. ಅಂಥ ಕಡೆ ಅದೇ ಮಾತನ್ನು ಅದೇ ದನಿಯಲ್ಲಿ ಮತ್ತೊಮ್ಮೆ ಹೇಳಿದರೆ ಸಾಕು. ಕೊನೆಯಲ್ಲಿ ಐದು ಬೆರಳಿಗೆ ಐದು ದೊಡ್ಡವರ ಹೆಸರು, ಕಷ್ಟ ಬಂದರೆ ಹೋಗಿ ಹೇಳಬಹುದಾದವರು. ಮೂರೇ ಬೆರಳು ತುಂಬಿದ ಮಗುವನ್ನು ನೀವು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

*ಶನಿವಾರ* ಅರ್ಧ ದಿನ. ಒಟ್ಟಿಗೆ ಒಂದು ಕೈಕೆಲಸ ಸಾಕು, ಗುಂಡಿ ಹೊಲಿಯುವುದೋ ಗಿಡಕ್ಕೆ ಕಟ್ಟು ಹಾಕುವುದೋ. ಬ್ಯಾಗಿಲ್ಲದ ಸಂಭ್ರಮ ಶನಿವಾರ ಬಂದರೆ ಅದಕ್ಕೇ ಬಿಟ್ಟುಬಿಡಿ.

ಪೊನ್ನಂಪೇಟೆ ಅಪ್ಪ

ನನಗೆ ಇದರ ಮೇಲೆ ನಂಬಿಕೆ ಇಲ್ಲ, ನೇರವಾಗಿ ಹೇಳುತ್ತೇನೆ. ನನ್ನ ಮಗಳ ಹಿಂದಿನ ಶಾಲೆಯಲ್ಲಿ ಹೀಗೇ ಗೋಲವಾಗಿ ಕೂರಿಸಿ ಮನಸ್ಸಿನ ಮಾತು ಹೇಳಿ ಎಂದಿದ್ದರು. ಅವಳು "ಅಪ್ಪ ಅಮ್ಮ ರಾತ್ರಿ ಜಗಳ ಆಡಿದರು" ಎಂದಳು. ಸಂಜೆಯೊಳಗೆ ಅದು ಬೇರೆ ಅಮ್ಮಂದಿರ ಬಾಯಲ್ಲಿತ್ತು. ಆಮೇಲೆ ನನ್ನ ಮಗಳು ಶಾಲೆಯಲ್ಲೂ ಮಾತಾಡಲಿಲ್ಲ, ಮನೆಯಲ್ಲೂ ಮಾತಾಡಲಿಲ್ಲ. ಆರು ತಿಂಗಳು ಬೇಕಾಯಿತು. ಮನೆ ವಿಷಯ ಶಾಲೆಗೆ ಯಾಕೆ ಬೇಕು?

ಮಕ್ಕಳ ಆಪ್ತ ಸಮಾಲೋಚಕಿ

ಅಣ್ಣ, ನಿಮ್ಮ ಮಗಳಿಗೆ ಆಗಿದ್ದು ಆಗಬಾರದಿತ್ತು. ಅದಕ್ಕೇ ಮೇಲಿನ ಯಾವ ದಿನದಲ್ಲೂ ಮನೆ ಕಥೆ ಹೇಳಿಸುವ ಕೆಲಸ ಇಲ್ಲ. ಕಥೆಯ ಹುಡುಗ ಬೇರೆ ಯಾರೋ, ಕರಟದಲ್ಲಿ ಹೆಸರಿಲ್ಲ, ಇಬ್ಬರ ಮಾತಿಗೆ ವಿಷಯ ಊಟ. ಮೊದಲ ದಿನವೇ ಮಕ್ಕಳಿಗೆ ಎರಡು ಮಾತು ಹೇಳಬೇಕು: ಬೇಡ ಎಂದರೆ "ಪಾಸ್" ಎನ್ನಬಹುದು, ಮತ್ತು ನನಗೆ ಹೇಗಾಯಿತು ಎಂದು ಹೇಳಬಹುದು, ಬೇರೆಯವರ ಮನೆ ಸುದ್ದಿ ಹೇಳುವುದು ಬೇಡ. ಆದರೂ ಒಂದು ಮಗು ಹೇಳಲು ಶುರು ಮಾಡಿದರೆ ಟೀಚರ್ ಅಲ್ಲೇ ಮೆತ್ತಗೆ ತಡೆದು, "ಇದು ಮುಖ್ಯ, ಊಟದ ಹೊತ್ತಿಗೆ ನಾವಿಬ್ಬರೇ ಮಾತಾಡೋಣ" ಎನ್ನಬೇಕು, ಮಾತಾಡಲೂ ಬೇಕು.

"ಯಾರಿಗೂ ಹೇಳಲ್ಲ" ಎಂದು ಮಾತ್ರ ಟೀಚರ್ ಮಾತು ಕೊಡಬಾರದು. ಯಾರೋ ಹೊಡೆಯುತ್ತಾರೆ, ಕೆಟ್ಟದಾಗಿ ಮುಟ್ಟುತ್ತಾರೆ ಎಂದು ಮಗು ಹೇಳಿದರೆ ಅದು 15 ನಿಮಿಷದ ಚಟುವಟಿಕೆಯ ಕೆಲಸ ಅಲ್ಲ. ಮಕ್ಕಳ ಸಹಾಯವಾಣಿ 1098 ಇದೆ. ಲೈಂಗಿಕ ದೌರ್ಜನ್ಯ ಆದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಗೊತ್ತಾದವರು ದೂರು ಕೊಡಲೇಬೇಕು. ಅಂಥ ಹೊತ್ತಲ್ಲಿ ಮಗುವಿನ ಬಾಯಲ್ಲಿ ಮತ್ತೆ ಮತ್ತೆ ಅದೇ ಹೇಳಿಸಬೇಡಿ. "ನೀನು ಹೇಳಿದ್ದು ಒಳ್ಳೇದಾಯಿತು, ತಪ್ಪು ನಿನ್ನದಲ್ಲ" ಎಂದು ಹೇಳಿ ಮುಂದಿನ ಹೆಜ್ಜೆ ತೆಗೆದುಕೊಳ್ಳಿ.

ಗೋಣಿಕೊಪ್ಪದ ಅಕ್ಕ, ನಿಮ್ಮ ಮಗನಿಗೆ ನಿದ್ದೆ, ಊಟ, ಗೆಳೆಯರು ಮೂರೂ ಬದಲಾಗಿದ್ದರೆ ಕಾಯಬೇಡಿ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮೊದಲು ನೀವೇ ಮಾತಾಡಿದರೂ ಆಗುತ್ತದೆ.

ಗೋಣಿಕೊಪ್ಪದಮ್ಮ

ನಂಬರ್ ಬರೆದುಕೊಂಡೆ ಮೇಡಂ. ನಿದ್ದೆ ಮತ್ತು ಗೆಳೆಯರು ಬದಲಾಗಿದೆ. ಇವತ್ತೇ ಮಾಡುತ್ತೇನೆ.

ಅಂಗನವಾಡಿ ಕಾರ್ಯಕರ್ತೆ, ಪಾಲಿಬೆಟ್ಟ

ಟೀಚರ್, ಒಂದು ಮಾತು. ಡಿಸೆಂಬರ್ ಆದ ಮೇಲೆ ಕಾಫಿ ಕುಯ್ಲು. ನಿಮ್ಮ 22ರಲ್ಲಿ ಎಷ್ಟು ಮಕ್ಕಳು ಉಳಿಯುತ್ತಾರೆ ನೋಡಿ. ಅಮ್ಮ ತೋಟಕ್ಕೆ ಹೋದರೆ ದೊಡ್ಡವಳು ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳುತ್ತಾಳೆ. ಹಾಗಾಗಿ ಈ ವಾರದ ಕಥೆಯನ್ನು ಮುಂದಿನ ವಾರಕ್ಕೆ ಎಳೆಯಬೇಡಿ. ಎರಡು ವಾರ ಬಿಟ್ಟು ಬಂದ ಮಗುವಿಗೂ ಅವತ್ತೇ ಸೇರಿಕೊಳ್ಳುವ ಹಾಗಿರಲಿ. ಕರಟ ಒಳ್ಳೇದು. ನಮ್ಮ ಮೂರು ವರ್ಷದವರಿಗೆ ಐದು ಜಾಸ್ತಿಯಾಯಿತು, ಎರಡು ಇಟ್ಟಿದ್ದೇನೆ. ಬೀಜ ಮೂಗಿಗೆ ಹಾಕಿಕೊಳ್ಳುತ್ತಾರೆ ಎಂದು ದೊಡ್ಡ ಕಲ್ಲು ಕೊಟ್ಟೆ.

ಮಕ್ಕಳ ಆಪ್ತ ಸಮಾಲೋಚಕಿ

ಒಳ್ಳೆ ಮಾತು ಅಕ್ಕ. ಕುಯ್ಲಿನ ವಿಷಯ ನಾನು ಯೋಚಿಸಿರಲಿಲ್ಲ.

ಈಗ ಮಳೆಯ ಹುಡುಗಿ. ಒಂದು, ಬಿಸಿಲಿರುವ ದಿನ ಅವಳ ಜೊತೆ ಶಾಲೆಯ ಸುತ್ತ ನಡೆಯಿರಿ. ಜೋರು ಮಳೆ ಬಂದರೆ ನಾವು ಎಲ್ಲಿ ಕೂರುತ್ತೇವೆ, ಯಾವ ಬಾಗಿಲಿಂದ ಹೋಗುತ್ತೇವೆ, ಅವಳ ಅಮ್ಮನಿಗೆ ಯಾರು ಫೋನ್ ಮಾಡುತ್ತಾರೆ, ಇಷ್ಟನ್ನು ತೋರಿಸಿ. ಹೆದರಿದ ಮಗುವಿಗೆ ಧೈರ್ಯದ ಮಾತಿಗಿಂತ ಮುಂದೇನು ಎಂದು ಗೊತ್ತಿರುವುದು ಜಾಸ್ತಿ ಸಹಾಯ ಮಾಡುತ್ತದೆ. ಎರಡು, ಮಳೆ ಬಂದಾಗ ಅವಳ ಪಕ್ಕ ಕೂತು ಕಾಣುವ ಮೂರು ವಸ್ತು, ಮುಟ್ಟುವ ಎರಡು ವಸ್ತು ಹೇಳಿಸಿ. ಕೆಲವರು ಕೇಳುವ ಸದ್ದನ್ನೂ ಹೇಳಿಸುತ್ತಾರೆ. ಇವಳಿಗೆ ಅದು ಬೇಡ, ಅವಳನ್ನು ಹೆದರಿಸುವುದೇ ಸದ್ದು. ಮೂರು, ಕಿವಿಯಿಂದ ಬೆರಳು ತೆಗೆಸಬೇಡಿ. ಸಾಕು ಅನಿಸಿದಾಗ ಅವಳೇ ತೆಗೆಯಲಿ. ರಾತ್ರಿ ನಿದ್ದೆ ಇಲ್ಲ, ಕೆಟ್ಟ ಕನಸು, ಶಾಲೆಗೇ ಬರಲ್ಲ ಎನ್ನುತ್ತಿದ್ದರೆ ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿಗೆ ತೋರಿಸಲು ಮನೆಯವರಿಗೆ ಹೇಳಿ.

ಸಿದ್ದಾಪುರ ಟೀಚರ್

ನಾಲ್ಕು ವಾರ ಆಯಿತು. ನಡುವೆ ಮಳೆ ರಜೆ ಬಂದು ಹದಿನಾರು ದಿನ ಮಾತ್ರ ಸಿಕ್ಕಿತು.

ಗುರುವಾರದ್ದು ಕೈಕೊಟ್ಟಿತು. ಹನ್ನೊಂದು ಜೋಡಿ ಒಟ್ಟಿಗೆ ಮಾತಾಡಿದರೆ ಯಾರಿಗೂ ಏನೂ ಕೇಳಿಸುವುದಿಲ್ಲ. ಈಗ ಅರ್ಧ ಮಕ್ಕಳನ್ನು ಜಗಲಿಗೆ ಕಳಿಸುತ್ತೇನೆ, ಆದರೂ ತಿರುಗಿ ಹೇಳುವುದು ಅವರಿಗೆ ಕಷ್ಟ. ಬುಧವಾರ ನಾನೇ ಎರಡು ಸಲ "ಸರಿ ಉತ್ತರ" ಹೇಳಿಬಿಟ್ಟೆ. ನೀವು ಹೇಳಿದ ಹಾಗೇ ಆಯಿತು, ಎಲ್ಲರೂ ನನ್ನ ಮುಖ ನೋಡುತ್ತಾ ಕೂತರು.

ಕರಟ ಮಾತ್ರ ಚೆನ್ನಾಗಿ ನಡೆಯುತ್ತಿದೆ. ಮೊದಲ ಸೋಮವಾರ "ಗೊತ್ತಿಲ್ಲ"ದಲ್ಲಿ 13 ಬೀಜ. ಮೊನ್ನೆ 5. ಹೆದರಿಕೆಯಲ್ಲಿ 7 ಇತ್ತು. ಕೇಳಿದರೆ ಹಿಂದಿನ ರಾತ್ರಿ ಲೈನ್ ಮನೆ ಹತ್ತಿರ ಆನೆ ಬಂದಿತ್ತಂತೆ. ಮೊದಲಾದರೆ ಅದೂ "ಬೇಜಾರು" ಎಂದೇ ಆಗುತ್ತಿತ್ತು.

ಬಾಟಲಿ ಎಸೆದ ಹುಡುಗ ಕಳೆದ ವಾರ ಆಟದಲ್ಲಿ ಔಟ್ ಆದ. ಮುಷ್ಟಿ ಬಿಗಿ ಮಾಡಿಕೊಂಡು ನನ್ನ ಹತ್ತಿರ ಬಂದು, "ಟೀಚರ್, ನನ್ನ ಕೈ ಬಿಸಿ ಆಗ್ತಿದೆ" ಎಂದ. ಹೊಡೆಯಲಿಲ್ಲ. ಮರುದಿನ ಇನ್ನೊಬ್ಬನಿಗೆ ಹೊಡೆದ, ಅದೂ ನಿಜ.

ಆ ಹುಡುಗಿಗೆ ಶಾಲೆಯ ಸುತ್ತ ತೋರಿಸಿದೆ. ಅವಳು ಕೇಳಿದ ಒಂದೇ ಪ್ರಶ್ನೆ: "ಹಿಂದಿನ ಬರೆ ಜಾರಿದರೆ ಯಾವ ಬಾಗಿಲು?" ಬರೆ ಎಂದರೆ ಶಾಲೆಯ ಹಿಂದಿನ ಕಡಿದಾದ ಮಣ್ಣಿನ ದಿಬ್ಬ, ನಾನು ಆ ಕಡೆ ಯೋಚನೆಯೇ ಮಾಡಿರಲಿಲ್ಲ. ಹೆಡ್ ಮಾಸ್ಟರಿಗೆ ಹೇಳಿ ಬರೆ ಕಡೆಯ ಬೆಂಚುಗಳನ್ನು ಎದುರು ಗೋಡೆಗೆ ಹಾಕಿಸಿದೆವು. ಎಲ್ಲ ಮಕ್ಕಳಿಗೂ ಬಾಗಿಲು ತೋರಿಸಿದೆವು. ಈಗ ಮಳೆ ಬಂದರೆ ಇನ್ನೂ ಕಿವಿಗೆ ಬೆರಳು ಹೋಗುತ್ತದೆ, ಆದರೆ ತಲೆ ಎತ್ತಿ ಬಾಗಿಲ ಕಡೆ ನೋಡುತ್ತಾಳೆ, ಕೇಳಿದರೆ ಉತ್ತರ ಕೊಡುತ್ತಾಳೆ. ರಾತ್ರಿ ನಿದ್ದೆ ಇಲ್ಲ ಎಂದು ಅಮ್ಮ ಹೇಳಿದರು. ಮಡಿಕೇರಿಗೆ ಹೋಗಲು ಒಪ್ಪಿದ್ದಾರೆ, ಇನ್ನೂ ಹೋಗಿಲ್ಲ.

ಹಳೇ ಮೇಷ್ಟ್ರು, ಸೋಮವಾರಪೇಟೆ

"ಏನೂ ಆಗಲ್ಲ" ಎಂದಿದ್ದು ತಪ್ಪು, ಒಪ್ಪುತ್ತೇನೆ. ಆ ಮಗುವಿನ ಪ್ರಶ್ನೆ ನಾವು ದೊಡ್ಡವರು ಕೇಳಬೇಕಿತ್ತು. ಆದರೆ ಕರಟವನ್ನು ಮರೆಯಲ್ಲಿ ಇಡುವುದು ನನಗೆ ಇನ್ನೂ ಒಪ್ಪಿಗೆ ಇಲ್ಲ. ಹೆಸರಿಲ್ಲದಿದ್ದರೆ ಯಾವ ಮಗುವಿಗೆ ಕಷ್ಟ ಎಂದು ಟೀಚರಿಗೆ ಹೇಗೆ ಗೊತ್ತಾಗುತ್ತದೆ? ದಿನಾ ಹೆದರಿಕೆಗೆ ಹಾಕುವ ಮಗು ಯಾರೆಂದು ಗೊತ್ತಾಗಬೇಡವೇ?

ಮಕ್ಕಳ ಆಪ್ತ ಸಮಾಲೋಚಕಿ

ಅದು ನಿಜವಾದ ತೊಂದರೆ ಮೇಷ್ಟ್ರೇ. ನಾನು ಶುಕ್ರವಾರದ ಐದು ಬೆರಳಿನಿಂದ ಗುರುತಿಸುತ್ತೇನೆ. ಬೀಜಕ್ಕೆ ನಂಬರ್ ಹಾಕಿ ನೋಡಿದ ಟೀಚರ್‌ಗಳೂ ಇದ್ದಾರೆ. ಮಕ್ಕಳಿಗೆ ನಂಬರ್ ಗೊತ್ತಾದ ಶಾಲೆಯಲ್ಲಿ ಎಲ್ಲ ಬೀಜವೂ ಖುಷಿಗೆ ಹೋಯಿತು. ಚಿಕ್ಕ ಶಾಲೆಯಲ್ಲಿ ನಡೆಯಬಹುದೇನೋ, ನಾನು ಮಾಡಿಲ್ಲ.

ಪೊನ್ನಂಪೇಟೆ ಅಪ್ಪ

ನಂಬರ್ ಹಾಕಬೇಡಿ ಟೀಚರ್. ಒಬ್ಬ ಅಪ್ಪನಾಗಿ ಕೇಳಿಕೊಳ್ಳುತ್ತೇನೆ.

ಸಿದ್ದಾಪುರ ಟೀಚರ್

ಸದ್ಯಕ್ಕೆ ಹಾಕುವುದಿಲ್ಲ ಅಣ್ಣ. ಮೇಷ್ಟ್ರು ಕೇಳಿದ್ದಕ್ಕೆ ನನ್ನ ಹತ್ತಿರವೂ ಉತ್ತರ ಇಲ್ಲ.

ಎರವ ಮಕ್ಕಳು ಹೆದರಿಕೆಗೆ, ಸಿಟ್ಟಿಗೆ ತಮ್ಮ ಮಾತು ಹೇಳಿದರು, ಕರಟದ ಮೇಲೆ ಅದನ್ನೂ ಕನ್ನಡ ಅಕ್ಷರದಲ್ಲಿ ಬರೆಸಿದ್ದೇನೆ. "ಒಂಟಿ" ಎನ್ನಲು ಏನು ಹೇಳುತ್ತಾರೆ ಎಂದು ಕೇಳಿದರೆ ಮಕ್ಕಳು ಒಬ್ಬರನ್ನೊಬ್ಬರು ನೋಡಿದರು, ಅಜ್ಜಿಯನ್ನು ಕೇಳಿ ಬರುತ್ತೇವೆ ಎಂದರು. ಸೋಮವಾರ ಆರನೇ ಕರಟ ಇಡಬೇಕು. ಇಲ್ಲಿ ಆ ಭಾಷೆ ಬಲ್ಲವರು ಇದ್ದರೆ ಹೇಳಿ.